ಸಮಿತಿ ಲೆಕ್ಕಕ್ಕೆ ಷರತ್ತು ಸೇರಿದರೆ ಕ್ರಮಯೋಜನೆಯೋ, ವಿಕಲ್ಪವೋ?

ಓದುಗರ ಪ್ರಶ್ನೆ: "ಹಾಸನದಲ್ಲಿ ಡಿಗ್ರಿ ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ಸಮಿತಿ ಅಂದರೆ ವಿಕಲ್ಪ ಅಂತ ಪಿಯುಸಿಯಲ್ಲೇ ಕಲಿತಿದ್ದೆ. ಷರತ್ತು ಸೇರಿದ ಕೂಡಲೇ ಗೊಂದಲ ಆಗುತ್ತದೆ. ಲೆಕ್ಕ ಇದು: ಬೀದಿಯ ಗಣಪತಿ ಹಬ್ಬಕ್ಕೆ 6 ಗಂಡಸರು, 5 ಹೆಂಗಸರ ಪೈಕಿ 5 ಜನರ ಸಮಿತಿ ಆಗಬೇಕು. ಅದರಲ್ಲಿ ಕನಿಷ್ಠ 2 ಹೆಂಗಸರು ಇರಬೇಕು. ನಾನು 5C2 × 9C3 ಮಾಡಿದೆ, 840 ಬಂತು. ಜೊತೆಗೆ ಓದುವ ಗೆಳತಿ 'ಷರತ್ತು ಇದ್ದರೆ ಕ್ರಮ ಬರುತ್ತದೆ, C ಬದಲು P ಹಾಕಬೇಕು' ಎಂದು 10,080 ತಂದಳು. ಪುಸ್ತಕದ ಹಿಂದೆ 381 ಇದೆ. ಮುಂದಿನ ಪ್ರಶ್ನೆಯಲ್ಲಿ ಅದೇ ಸಮಿತಿಯೊಳಗಿಂದ ಒಬ್ಬ ಅಧ್ಯಕ್ಷೆ, ಒಬ್ಬ ಕಾರ್ಯದರ್ಶಿ ಬೇಕು. ಅಧ್ಯಕ್ಷ ಸ್ಥಾನ ಹೆಂಗಸಿಗೇ ಮೀಸಲು. ಆಗ ಯಾವುದು ಹಾಕಬೇಕು? ನನ್ನ ಉತ್ತರ ಸರಿಯೋ ತಪ್ಪೋ ಅಂತ ನಾನೇ ನೋಡಿಕೊಳ್ಳುವುದು ಹೇಗೆ?"

ಉತ್ತರ: ಪುಸ್ತಕದ 381 ಸರಿ ಇದೆ. ಮೊದಲ ಲೆಕ್ಕ ಪೂರ್ತಿ ವಿಕಲ್ಪದ್ದೇ. ಎರಡನೆಯದರ ಉತ್ತರ 3,900. ಅದರಲ್ಲಿ ವಿಕಲ್ಪ ಮತ್ತು ಕ್ರಮ ಎರಡೂ ಸೇರುತ್ತವೆ. ಅಲ್ಲಿ ಕ್ರಮ ಬರುವುದು ಹುದ್ದೆಗಳಿಂದ. ಷರತ್ತಿಗೂ ಅದಕ್ಕೂ ಸಂಬಂಧ ಇಲ್ಲ.

ನಿಮ್ಮ 840 ಮತ್ತು ಗೆಳತಿಯ 10,080, ಇವೆರಡೂ ಸುಮ್ನೆ ಬಂದ ಸಂಖ್ಯೆಗಳಲ್ಲ. ಎರಡೂ ಬೇರೆ ಎರಡು ಪ್ರಶ್ನೆಗಳಿಗೆ ಪಕ್ಕಾ ಸರಿ ಉತ್ತರಗಳು. ಯಾವ ಪ್ರಶ್ನೆಗಳಿಗೆ ಅನ್ನುವುದು ಗೊತ್ತಾದರೆ ಈ ಗೊಂದಲ ಮತ್ತೆ ಬರುವುದಿಲ್ಲ. ಹಾಗಾಗಿ ಅದನ್ನೇ ನಿಧಾನವಾಗಿ ಬಿಡಿಸುತ್ತೇನೆ.

ಮೊದಲು ಒಂದು ಹಾಳೆ ಕಲ್ಪಿಸಿಕೊಳ್ಳಿ. ಸಭೆ ಮುಗಿದಿದೆ. ಆಯ್ಕೆಯಾದವರ ಹೆಸರು ಬರೆದು ಪೆಂಡಾಲ್ ಕಂಬಕ್ಕೆ ಅಂಟಿಸುತ್ತಾರೆ. ಆ ಹಾಳೆಯಲ್ಲಿ ಏನಿರುತ್ತದೆ? ಮೊದಲ ಲೆಕ್ಕದಲ್ಲಾದರೆ "ಸಮಿತಿ ಸದಸ್ಯರು" ಎಂಬ ತಲೆಬರಹ, ಕೆಳಗೆ ಐದು ಹೆಸರು, ಅಷ್ಟೇ. ಈಗ ಅದರಲ್ಲಿ ಇಬ್ಬರ ಹೆಸರನ್ನು ಅದಲು ಬದಲು ಮಾಡಿ. ಮೇಲಿದ್ದ ಲಕ್ಷ್ಮಿ ಕೆಳಗೆ ಬಂದಳು, ಕೆಳಗಿದ್ದ ಮಂಜು ಮೇಲೆ ಹೋದ. ಬೀದಿಯವರಿಗೆ ಏನಾದರೂ ಬದಲಾಯಿತಾ? ಇಲ್ಲ. ಅದೇ ಸಮಿತಿ. ಹಾಗಾದರೆ ಅದು ವಿಕಲ್ಪ. ಹಾಳೆಯಲ್ಲಿ ಹೆಸರಿನ ಮುಂದೆ "ಅಧ್ಯಕ್ಷೆ", "ಕಾರ್ಯದರ್ಶಿ" ಅಂತ ಬರೆದಿದ್ದರೆ ಅದಲು ಬದಲು ಮಾಡಿದ ಕೂಡಲೇ ಬೇರೆ ಸಮಿತಿ ಆಗುತ್ತದೆ. ಅಲ್ಲಿ ಕ್ರಮ ಇದೆ.

ಷರತ್ತು ಮಾಡುವ ಕೆಲಸ ಬೇರೆ. ಸಾಧ್ಯ ಇರುವ ಹಾಳೆಗಳನ್ನೆಲ್ಲ ಒಂದು ಕಟ್ಟು ಮಾಡಿ ಇಟ್ಟಿದ್ದೇವೆ ಅಂದುಕೊಳ್ಳಿ. 11 ಜನರಲ್ಲಿ 5 ಜನ, ಅಂದರೆ 11C5 = 462 ಹಾಳೆ. "ಕನಿಷ್ಠ 2 ಹೆಂಗಸರು" ಅನ್ನುವ ಷರತ್ತು ಆ ಕಟ್ಟಿನಿಂದ ಕೆಲವು ಹಾಳೆಗಳನ್ನು ತೆಗೆದುಹಾಕುತ್ತದೆ. ಉಳಿದ ಹಾಳೆಗಳಲ್ಲಿ ಬರೆದಿರುವ ರೀತಿಯನ್ನು ಅದು ಮುಟ್ಟುವುದೇ ಇಲ್ಲ. ಆದ್ದರಿಂದ "ಷರತ್ತು ಬಂದರೆ P" ಅನ್ನುವ ನಿಯಮಕ್ಕೆ ಬುಡವೇ ಇಲ್ಲ. ಇದನ್ನು ತುಂಬಾ ಜನ ನಂಬುತ್ತಾರೆ. ಯಾಕೆಂದರೆ ಪುಸ್ತಕಗಳಲ್ಲಿ ಷರತ್ತಿನ ಲೆಕ್ಕಗಳು ಮೊದಲು ಬರುವುದು ಅಕ್ಷರ ಜೋಡಿಸುವ, ಸಾಲಾಗಿ ಕೂರಿಸುವ ಪಾಠದಲ್ಲಿ. ಷರತ್ತು ಮತ್ತು P ಒಟ್ಟಿಗೆ ಮನಸ್ಸಿನಲ್ಲಿ ಕೂತುಬಿಡುತ್ತವೆ.

462 ಬಂದ ದಾರಿಯನ್ನೂ ಒಮ್ಮೆ ನೋಡೋಣ. ಮೇಲೆ 11 × 10 × 9 × 8 × 7, ಕೆಳಗೆ 1 × 2 × 3 × 4 × 5. ಮೇಲಿನದು 55,440. ಅದು ಐದು ಜನರನ್ನು ಒಬ್ಬರಾದ ಮೇಲೆ ಒಬ್ಬರಂತೆ ಕರೆಯುವ ವಿಧಗಳು. ಕೆಳಗಿನ 120 ಅಂದರೆ ಒಂದೇ ಐದು ಜನರನ್ನು ಬೇರೆ ಬೇರೆ ಸರದಿಯಲ್ಲಿ ಕರೆಯುವ ವಿಧಗಳು. ಭಾಗಿಸಿದಾಗ ಸರದಿ ಹೋಗುತ್ತದೆ, ಗುಂಪು ಉಳಿಯುತ್ತದೆ. ಮೇಲೆ ಇಳಿಯುತ್ತಾ ಹೋಗುವ ಸಂಖ್ಯೆಗಳು, ಕೆಳಗೆ ಏರುತ್ತಾ ಹೋಗುವ ಸಂಖ್ಯೆಗಳು ಅನ್ನುವ ಈ ಸೂತ್ರವನ್ನು ನಮ್ಮ ನಾಡಿನ ಜೈನ ಗಣಿತಜ್ಞ ಮಹಾವೀರಾಚಾರ್ಯರು 9ನೇ ಶತಮಾನದಲ್ಲೇ, ರಾಷ್ಟ್ರಕೂಟ ನೃಪತುಂಗನ ಕಾಲದಲ್ಲಿ, ಬರೆದಿಟ್ಟಿದ್ದಾರೆ. ಅವರು ಕೊಟ್ಟ ಲೆಕ್ಕಗಳಲ್ಲಿ ಒಂದು ಆರು ರುಚಿಗಳನ್ನು ಬೆರೆಸುವುದರ ಬಗ್ಗೆ. ಹುಳಿ, ಉಪ್ಪು, ಖಾರ ಬೆರೆತ ಮೇಲೆ ಯಾವುದನ್ನು ಮೊದಲು ಹಾಕಿದೆವು ಅನ್ನುವುದು ಆ ಲೆಕ್ಕಕ್ಕೆ ಬೇಕಿಲ್ಲ. ಸಮಿತಿಯೂ ಹಾಗೆಯೇ.

ಈಗ ನಿಮ್ಮ 840ಕ್ಕೆ ಬರೋಣ. ನಿಮ್ಮ ತಪ್ಪು ಗೆಳತಿಯ ತಪ್ಪಿಗಿಂತ ಸೂಕ್ಷ್ಮವಾದದ್ದು. ನೀವು ಎರಡೂ ಕಡೆ C ಹಾಕಿದ್ದೀರಿ. ಆದರೂ ಕ್ರಮ ಒಳಗೆ ನುಗ್ಗಿದೆ. C ಹಾಕಿದ ಮಾತ್ರಕ್ಕೆ ಕ್ರಮ ಹೋಗುತ್ತದೆ ಅನ್ನುವುದು ಇನ್ನೊಂದು ತಪ್ಪು ನಂಬಿಕೆ. ನನ್ನ ಅನುಭವದಲ್ಲಿ ಚೆನ್ನಾಗಿ ಓದುವ ಮಕ್ಕಳು ಬೀಳುವುದು ಇದೇ ಗುಂಡಿಗೆ.

ಚಿಕ್ಕಮಗಳೂರಿನಲ್ಲಿ ಪಿಯು ಮಕ್ಕಳಿಗೆ ಪಾಠ ಮಾಡುವಾಗ ನಾನು ಇದನ್ನು ಬೋರ್ಡ್ ಮೇಲೆ ಹೇಳುತ್ತಿರಲಿಲ್ಲ. ನಾಲ್ಕು ಮಕ್ಕಳನ್ನು ಮುಂದೆ ಕರೆದು ನಿಲ್ಲಿಸುತ್ತಿದ್ದೆ. ಮೂವರು ಹುಡುಗಿಯರು, ಒಬ್ಬ ಹುಡುಗ. ಲಕ್ಷ್ಮಿ, ಗೌರಿ, ಸಾವಿತ್ರಿ, ಮಂಜು ಅಂತ ಇಟ್ಟುಕೊಳ್ಳೋಣ. ಮೂರು ಜನರ ಸಮಿತಿ ಬೇಕು, ಕನಿಷ್ಠ ಇಬ್ಬರು ಹುಡುಗಿಯರು ಇರಬೇಕು. ಒಬ್ಬರನ್ನು ಹೊರಗೆ ಕೂರಿಸಿದರೆ ಸಮಿತಿ ಆಯಿತು. ಯಾರನ್ನು ಕೂರಿಸಿದರೂ ಉಳಿದವರಲ್ಲಿ ಇಬ್ಬರು ಹುಡುಗಿಯರು ಇದ್ದೇ ಇರುತ್ತಾರೆ. ಆದ್ದರಿಂದ ಉತ್ತರ 4. ಇದರಲ್ಲಿ ಯಾರಿಗೂ ಅನುಮಾನ ಇರುತ್ತಿರಲಿಲ್ಲ.

ಈಗ ನಿಮ್ಮ ದಾರಿಯಲ್ಲಿ ಮಾಡಿ. ಮೊದಲು ಇಬ್ಬರು ಹುಡುಗಿಯರು, 3C2 = 3. ಉಳಿದ ಇಬ್ಬರಲ್ಲಿ ಒಬ್ಬರು, 2C1 = 2. ಗುಣಿಸಿದರೆ 6. ನಾಲ್ಕು ಇರಬೇಕಾದಲ್ಲಿ ಆರು ಹೇಗೆ ಬಂತು? ಬರೆದು ನೋಡಿ. ಲಕ್ಷ್ಮಿ, ಗೌರಿಯನ್ನು ಮೊದಲು ತೆಗೆದುಕೊಂಡು ಸಾವಿತ್ರಿಯನ್ನು ಸೇರಿಸಿದ್ದು ಒಂದು. ಲಕ್ಷ್ಮಿ, ಸಾವಿತ್ರಿಯನ್ನು ತೆಗೆದುಕೊಂಡು ಗೌರಿಯನ್ನು ಸೇರಿಸಿದ್ದು ಇನ್ನೊಂದು. ಗೌರಿ, ಸಾವಿತ್ರಿಗೆ ಲಕ್ಷ್ಮಿಯನ್ನು ಸೇರಿಸಿದ್ದು ಮತ್ತೊಂದು. ಈ ಮೂರೂ ಒಂದೇ ಸಮಿತಿ! ಹಾಳೆ ಬರೆದರೆ ಒಂದೇ ಹಾಳೆ. ಮಂಜು ಇರುವ ಮೂರು ಸಮಿತಿಗಳು ಮಾತ್ರ ಒಂದೊಂದು ಸಲ ಬಂದಿವೆ. 3 + 3 = 6 ಆದದ್ದು ಹೀಗೆ.

ಕಾರಣ ಇಷ್ಟೇ. ನೀವು "ಮೊದಲು ಬಂದ ಹೆಂಗಸರು" ಮತ್ತು "ಆಮೇಲೆ ಬಂದವರು" ಎಂದು ಎರಡು ಚೀಟಿ ಅಂಟಿಸಿದ್ದೀರಿ. ಒಬ್ಬ ಹೆಂಗಸು ಎರಡೂ ಕಡೆಯಿಂದ ಸಮಿತಿಗೆ ಬರಬಹುದು. ಯಾವ ಬಾಗಿಲಿಂದ ಬಂದಳು ಅನ್ನುವುದನ್ನು ಲೆಕ್ಕ ನೆನಪಿಟ್ಟುಕೊಳ್ಳುತ್ತದೆ, ಆದರೆ ಹಾಳೆ ನೆನಪಿಟ್ಟುಕೊಳ್ಳುವುದಿಲ್ಲ. ಎರಡು ಹಂತಗಳಲ್ಲಿ ಒಂದೇ ವ್ಯಕ್ತಿ ಆಯ್ಕೆಯಾಗಲು ಸಾಧ್ಯ ಇದ್ದರೆ ಗುಣಿಸುವ ಮುಂಚೆ ನಿಂತು ಯೋಚಿಸಬೇಕು. ನಾನು ಉತ್ತರ ಪತ್ರಿಕೆ ತಿದ್ದುವಾಗ ಮೊದಲು ಹುಡುಕುತ್ತಿದ್ದದ್ದು ಇದನ್ನೇ.

ನಿಮ್ಮ ಲೆಕ್ಕದಲ್ಲಿ ಎಷ್ಟು ಸಲ ಎಣಿಕೆ ಆಗಿದೆ ಅಂತ ಪಕ್ಕಾ ತೋರಿಸಬಹುದು. ಸರಿಯಾದ ಸಮಿತಿಗಳು ಇಷ್ಟು: 2 ಹೆಂಗಸರು ಇರುವವು 200, 3 ಹೆಂಗಸರು ಇರುವವು 150, 4 ಇರುವವು 30, ಐದೂ ಹೆಂಗಸರೇ ಇರುವುದು 1. ಇಬ್ಬರೇ ಹೆಂಗಸರಿದ್ದರೆ "ಮೊದಲ ಇಬ್ಬರು" ಯಾರು ಅನ್ನುವುದಕ್ಕೆ ಒಂದೇ ದಾರಿ. ಮೂವರಿದ್ದರೆ ಮೂರು ದಾರಿ, ನಾಲ್ವರಿದ್ದರೆ ಆರು, ಐವರಿದ್ದರೆ ಹತ್ತು. ಹಾಗಾಗಿ ನಿಮ್ಮ ಲೆಕ್ಕ ಎಣಿಸಿದ್ದು 200 × 1, 150 × 3, 30 × 6, 1 × 10. ಅಂದರೆ 200 + 450 + 180 + 10. ಕೂಡಿಸಿ ನೋಡಿ, ಸರಿಯಾಗಿ 840.

ಇಲ್ಲಿ ಇನ್ನೊಂದು ಸಂಗತಿ ಗಮನಿಸಿ. ಬೇರೆ ಬೇರೆ ಸಮಿತಿ ಬೇರೆ ಬೇರೆ ಸಲ ಎಣಿಕೆ ಆಗಿದೆ. ಆದ್ದರಿಂದ 840ನ್ನು ಯಾವುದೋ ಒಂದು ಸಂಖ್ಯೆಯಿಂದ ಭಾಗಿಸಿ 381 ತರಲು ಆಗುವುದಿಲ್ಲ. ಕೆಲವರು "ಎರಡೆರಡು ಸಲ ಬಂದಿರಬೇಕು" ಅಂತ 2ರಿಂದ ಭಾಗಿಸಿ 420 ಬರೆಯುತ್ತಾರೆ. ಅದಕ್ಕೂ ಅರ್ಥ ಇಲ್ಲ. ದಾರಿಯನ್ನೇ ಬದಲಿಸಬೇಕು.

ಹಾಗಾದರೆ 840 ಯಾವ ಪ್ರಶ್ನೆಗೆ ಉತ್ತರ? "ಇಬ್ಬರು ಹೆಂಗಸರು ಜಂಟಿ ಕಾರ್ಯದರ್ಶಿಗಳು, ಉಳಿದ 9 ಜನರಲ್ಲಿ ಯಾರಾದರೂ ಮೂವರು ಸದಸ್ಯರು" ಅಂತ ಕೇಳಿದ್ದರೆ 840 ಸರಿ. ಅಲ್ಲಿ ಹಾಳೆಯ ಮೇಲೆ ಇಬ್ಬರು ಹೆಂಗಸರ ಹೆಸರಿನ ಮುಂದೆ ನಿಜಕ್ಕೂ ಒಂದು ಗುರುತು ಇರುತ್ತದೆ. ನೀವು ಮನಸ್ಸಿನಲ್ಲಿ ಅಂಟಿಸಿದ ಚೀಟಿ ಅಲ್ಲಿ ಹಾಳೆಯ ಮೇಲೂ ಇದೆ. ಜಂಟಿ ಅಂದದ್ದರಿಂದ ಆ ಇಬ್ಬರ ನಡುವೆ ಹೆಚ್ಚು ಕಡಿಮೆ ಇಲ್ಲ, ಹಾಗಾಗಿ 5C2 ಸಾಕು. ಅವರಲ್ಲಿ ಒಬ್ಬರು ಅಧ್ಯಕ್ಷೆ, ಇನ್ನೊಬ್ಬರು ಕಾರ್ಯದರ್ಶಿ ಆದರೆ 5 × 4 × 84 = 1,680.

ಗೆಳತಿಯ 10,080 ಕೂಡ ಹೀಗೆಯೇ. ಅವರು ಮಾಡಿದ್ದು 5P2 × 9P3, ಅಂದರೆ 20 × 504. ಐದು ಹುದ್ದೆಗೂ ಬೇರೆ ಬೇರೆ ಹೆಸರಿದೆ, ಅಧ್ಯಕ್ಷ ಮತ್ತು ಕಾರ್ಯದರ್ಶಿ ಸ್ಥಾನ ಎರಡೂ ಹೆಂಗಸರಿಗೆ ಮೀಸಲು, ಖಜಾಂಚಿ ಮತ್ತಿತರ ಮೂರು ಹುದ್ದೆ ಯಾರಿಗಾದರೂ ಸರಿ. ಈ ಪ್ರಶ್ನೆಗೆ 10,080 ಉತ್ತರ. ಒಂದು ವೇಳೆ ಐದೂ ಬೇರೆ ಬೇರೆ ಹುದ್ದೆ ಅಂತಲೇ ಒಪ್ಪಿಕೊಂಡರೂ, "ಎಲ್ಲಿಯಾದರೂ ಸರಿ, ಕನಿಷ್ಠ 2 ಹೆಂಗಸರು" ಅನ್ನುವುದಕ್ಕೆ ಉತ್ತರ 381 × 120 = 45,720 ಆಗುತ್ತದೆ. ಅವರ ದಾರಿ ಹೆಂಗಸರನ್ನು ಮೊದಲ ಎರಡು ಕುರ್ಚಿಗೆ ಕಟ್ಟಿಹಾಕಿದೆ. ಪ್ರಶ್ನೆಯಲ್ಲಿ ಹಾಗೆ ಹೇಳಿಲ್ಲ, ಅಲ್ವಾ?

ಈಗ 381 ತರುವ ದಾರಿಗಳು. ಮುಖ್ಯವಾಗಿ ಎರಡಿವೆ.

ಒಂದು, ಬಗೆ ಮಾಡಿ ಎಣಿಸುವುದು. ಸಮಿತಿಯಲ್ಲಿ ಸರಿಯಾಗಿ ಎಷ್ಟು ಹೆಂಗಸರು ಅಂತ ಮೊದಲೇ ನಿಗದಿ ಮಾಡಿಕೊಳ್ಳಿ. ಸರಿಯಾಗಿ 2 ಆದರೆ 5C2 × 6C3 = 10 × 20 = 200. ಇಲ್ಲಿ ಎರಡನೇ ಹಂತದಲ್ಲಿ 9 ಬದಲು 6 ಬಂದಿದೆ ನೋಡಿ. ಉಳಿದ ಮೂವರು ಗಂಡಸರೇ ಆಗಬೇಕು. ಹೆಂಗಸರಿಗೆ ಒಂದೇ ಬಾಗಿಲು, ಗಂಡಸರಿಗೆ ಒಂದೇ ಬಾಗಿಲು. ಒಂದೇ ಹಾಳೆ ಎರಡು ಸಲ ಬರಲು ದಾರಿಯೇ ಇಲ್ಲ. ಸರಿಯಾಗಿ 3 ಆದರೆ 10 × 15 = 150. ಸರಿಯಾಗಿ 4 ಆದರೆ 5 × 6 = 30. ಐದೂ ಆದರೆ 1. ಕೂಡಿಸಿದರೆ 381. ಇದರ ಅಪಾಯ ಏನೆಂದರೆ ಕೊನೆಯ ಬಗೆ ಮರೆತುಹೋಗುತ್ತದೆ. "ಐದೂ ಹೆಂಗಸರೇ" ಅನ್ನುವುದನ್ನು ಬಿಟ್ಟು 380 ಬರೆದವರನ್ನು ಎಷ್ಟೋ ಸಲ ನೋಡಿದ್ದೇನೆ.

ಇನ್ನೊಂದು, ಕಳೆಯುವುದು. ಒಟ್ಟು 462ರಲ್ಲಿ ಷರತ್ತು ಮುರಿಯುವ ಹಾಳೆಗಳನ್ನು ತೆಗೆಯಿರಿ. ಹೆಂಗಸರೇ ಇಲ್ಲದವು 6C5 = 6. ಒಬ್ಬಳೇ ಇರುವವು 5 × 15 = 75. ಒಟ್ಟು 81. 462 − 81 = 381. ಇದು ಬೇಗ ಆಗುತ್ತದೆ. ಅಪಾಯ ಇರುವುದು "ಕನಿಷ್ಠ 2" ಅನ್ನುವುದರ ವಿರುದ್ಧ ಯಾವುದು ಅನ್ನುವುದರಲ್ಲಿ. ಸೊನ್ನೆ ಮತ್ತು ಒಂದು, ಎರಡನ್ನೂ ಕಳೆಯಬೇಕು. ಗಡಿಬಿಡಿಯಲ್ಲಿ ಸೊನ್ನೆಯನ್ನು ಮಾತ್ರ ಕಳೆದು 456 ಬರೆಯುತ್ತಾರೆ. ಅದು "ಕನಿಷ್ಠ 1" ಅನ್ನುವ ಪ್ರಶ್ನೆಯ ಉತ್ತರ.

ಮನೆಯಲ್ಲಿ ಅಭ್ಯಾಸ ಮಾಡುವಾಗ ಎರಡೂ ದಾರಿಯಲ್ಲಿ ಮಾಡಿ ತಾಳೆ ನೋಡಿ. ಎಲ್ಲ ಬಗೆಗಳನ್ನೂ ಸೇರಿಸಿದರೆ 6 + 75 + 200 + 150 + 30 + 1 = 462 ಬರಲೇಬೇಕು. ಬಾರದಿದ್ದರೆ ಯಾವುದೋ ಬಗೆ ಬಿಟ್ಟುಹೋಗಿದೆ ಅಥವಾ ಎರಡು ಸಲ ಬಂದಿದೆ.

ಪರೀಕ್ಷೆಯಲ್ಲಿ ಅಷ್ಟು ಸಮಯ ಇರುವುದಿಲ್ಲ. ಆಗ ಒಂದು ಚಿಕ್ಕ ತಪಾಸಣೆ ಸಾಕಾಗಬಹುದು. ಷರತ್ತು ಇಲ್ಲದ ಒಟ್ಟು ಎಷ್ಟು ಅಂತ ಮೊದಲೇ ಮೂಲೆಯಲ್ಲಿ ಬರೆದಿಡಿ. ಇಲ್ಲಿ ಅದು 462. ಷರತ್ತು ಹಾಳೆಗಳನ್ನು ತೆಗೆಯುತ್ತದೆ, ಹೊಸ ಹಾಳೆ ಸೇರಿಸುವುದಿಲ್ಲ. ಹಾಗಾಗಿ ಷರತ್ತಿನ ಉತ್ತರ 462 ದಾಟಲು ಸಾಧ್ಯವೇ ಇಲ್ಲ. 840 ಬಂದ ಕ್ಷಣವೇ ತಪ್ಪು ಅಂತ ಗೊತ್ತಾಗಬೇಕಿತ್ತು. ಇದಕ್ಕೆ ಅರ್ಧ ನಿಮಿಷ ಸಾಕು.

ಆದರೆ ಈ ತಪಾಸಣೆಗೆ ಮಿತಿ ಇದೆ. ಒಟ್ಟಿಗಿಂತ ಕಡಿಮೆ ಬಂತು ಅಂದಾಕ್ಷಣ ಉತ್ತರ ಸರಿ ಅಂತ ಅಲ್ಲ. ಅದೇ 11 ಜನರಲ್ಲಿ 3 ಜನರ ಸಮಿತಿ, ಕನಿಷ್ಠ 2 ಹೆಂಗಸರು ಅಂತ ಇಟ್ಟುಕೊಳ್ಳಿ. ನಿಮ್ಮ ದಾರಿಯಲ್ಲಿ 5C2 × 9 = 90. ಒಟ್ಟು 11C3 = 165. 90 ಅದರೊಳಗೇ ಇದೆ, ನೋಡಲು ಸರಿ ಅನ್ನಿಸುತ್ತದೆ. ನಿಜವಾದ ಉತ್ತರ 10 × 6 + 10 = 70. ಮೂವರೂ ಹೆಂಗಸರೇ ಇರುವ 10 ಸಮಿತಿಗಳು ಮೂರು ಮೂರು ಸಲ ಬಂದು 20 ಜಾಸ್ತಿ ಆಗಿದೆ. ಆದ್ದರಿಂದ ಒಟ್ಟಿನ ಜೊತೆ ಹೋಲಿಸುವುದು ತಪ್ಪನ್ನು ಹಿಡಿಯಲು ಮಾತ್ರ. ಸರಿ ಅಂತ ಖಾತ್ರಿ ಮಾಡಿಕೊಳ್ಳಲು ನಾಲ್ಕೈದು ಜನರ ಸಣ್ಣ ಲೆಕ್ಕದಲ್ಲಿ ಅದೇ ದಾರಿ ಹಿಡಿದು, ಹೆಸರು ಬರೆದು ನೋಡುವುದೇ ಒಳ್ಳೆಯದು. ಮೇಲೆ ಮಂಜು ಇದ್ದ ಲೆಕ್ಕ ಮಾಡಿದೆವಲ್ಲ, ಹಾಗೆ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಐದು ಜನರ ಸಮಿತಿ, ಕನಿಷ್ಠ 2 ಹೆಂಗಸರು, ಅದರೊಳಗೆ ಒಬ್ಬ ಅಧ್ಯಕ್ಷೆ, ಒಬ್ಬ ಕಾರ್ಯದರ್ಶಿ. ಕಾರ್ಯದರ್ಶಿ ಯಾರಾದರೂ ಆಗಬಹುದು. ಹಾಳೆಯಲ್ಲಿ ಎರಡು ಹೆಸರಿನ ಮುಂದೆ ಹುದ್ದೆ ಇದೆ, ಮೂರು ಹೆಸರು ಬರೀ ಸದಸ್ಯರು. ಹಾಗಾಗಿ ಹುದ್ದೆಯವರಿಗೆ ಕ್ರಮ, ಉಳಿದ ಮೂವರಿಗೆ ವಿಕಲ್ಪ. ಒಂದೇ ಲೆಕ್ಕದಲ್ಲಿ ಎರಡೂ ಇರುವುದು ತೀರಾ ಸಾಮಾನ್ಯ. "ಈ ಲೆಕ್ಕ P ಯೋ C ಯೋ" ಅಂತ ಇಡೀ ಲೆಕ್ಕಕ್ಕೆ ಒಂದೇ ಉತ್ತರ ಹುಡುಕಿದರೆ ಇಲ್ಲಿ ಸಿಕ್ಕಿಕೊಳ್ಳುತ್ತೀರಿ. ಹಾಳೆಯ ಒಂದೊಂದು ಸ್ಥಾನಕ್ಕೂ ಬೇರೆಯಾಗಿ ಕೇಳಿ.

ಮೊದಲು ಸಮಿತಿ ಮಾಡಿ, ಆಮೇಲೆ ಹುದ್ದೆ ಹಂಚೋಣ. ಇಲ್ಲಿ 381ನ್ನು ಒಂದೇ ಸಂಖ್ಯೆಯಿಂದ ಗುಣಿಸುವ ಆಸೆ ಆಗುತ್ತದೆ. ಅಧ್ಯಕ್ಷರು ಯಾರಾದರೂ ಆಗಬಹುದು ಅಂದಿದ್ದರೆ 381 × 5 × 4 = 7,620 ಸರಿ ಇರುತ್ತಿತ್ತು. ಯಾಕೆಂದರೆ ಯಾವ ಸಮಿತಿಯಾದರೂ ಐದು ಜನ ಇದ್ದೇ ಇರುತ್ತಾರೆ. ಆದರೆ ಅಧ್ಯಕ್ಷೆ ಹೆಂಗಸೇ ಆಗಬೇಕು ಅಂದಾಗ, ಯಾವ ಸಮಿತಿಯಲ್ಲಿ ಎಷ್ಟು ಹೆಂಗಸರಿದ್ದಾರೆ ಅನ್ನುವುದರ ಮೇಲೆ ಅವಕಾಶ ಬದಲಾಗುತ್ತದೆ. ಇಬ್ಬರಿರುವ 200 ಸಮಿತಿಗಳಲ್ಲಿ ಅಧ್ಯಕ್ಷೆಗೆ 2 ದಾರಿ, ಉಳಿದ ನಾಲ್ವರಲ್ಲಿ ಕಾರ್ಯದರ್ಶಿಗೆ 4 ದಾರಿ, ಒಟ್ಟು 1,600. ಮೂವರಿರುವ 150ರಲ್ಲಿ 150 × 3 × 4 = 1,800. ನಾಲ್ವರಿರುವ 30ರಲ್ಲಿ 30 × 4 × 4 = 480. ಐವರಿರುವ ಒಂದರಲ್ಲಿ 5 × 4 = 20. ಕೂಡಿಸಿದರೆ 3,900.

ಇದನ್ನೇ ಹುದ್ದೆಯಿಂದ ಶುರು ಮಾಡಿ ತಾಳೆ ನೋಡೋಣ. ಅಧ್ಯಕ್ಷೆಗೆ 5 ದಾರಿ. ಕಾರ್ಯದರ್ಶಿ ಹೆಂಗಸಾದರೆ 4 ದಾರಿ. ಆಗ ಇಬ್ಬರು ಹೆಂಗಸರು ಬಂದಾಯಿತು, ಷರತ್ತು ಮುಗಿಯಿತು. ಉಳಿದ 9 ಜನರಲ್ಲಿ ಯಾರಾದರೂ ಮೂವರು, 84. ಹೀಗೆ 5 × 4 × 84 = 1,680. ಕಾರ್ಯದರ್ಶಿ ಗಂಡಸಾದರೆ 6 ದಾರಿ. ಆಗ ಉಳಿದ ಮೂವರಲ್ಲಿ ಇನ್ನೊಬ್ಬ ಹೆಂಗಸಾದರೂ ಬೇಕು. ಉಳಿದಿರುವುದು 4 ಹೆಂಗಸರು, 5 ಗಂಡಸರು. ಅವರಲ್ಲಿ ಮೂವರನ್ನು ಆರಿಸುವ 84 ವಿಧಗಳಿಂದ ಮೂವರೂ ಗಂಡಸರೇ ಇರುವ 10ನ್ನು ಕಳೆದರೆ 74. ಹೀಗೆ 5 × 6 × 74 = 2,220. ಎರಡೂ ಸೇರಿ 3,900. ತಾಳೆ ಆಯಿತು.

ಈ 1,680ರಲ್ಲಿ ನೀವು ಮೊದಲು ಬಳಸಿದ 9C3 ಮತ್ತೆ ಬಂದಿದೆ, ಗಮನಿಸಿದಿರಾ? ಅಲ್ಲಿ ತಪ್ಪಾಗಿದ್ದು ಇಲ್ಲಿ ಸರಿ. ಯಾಕೆಂದರೆ ಮೊದಲು ಆರಿಸಿದ ಇಬ್ಬರಿಗೂ ಹಾಳೆಯ ಮೇಲೆ ನಿಜವಾದ ಹುದ್ದೆ ಇದೆ. ಅಧ್ಯಕ್ಷೆಯ ಬಾಗಿಲಿಂದ ಬಂದ ಲಕ್ಷ್ಮಿ ಮತ್ತು ಸದಸ್ಯೆಯ ಬಾಗಿಲಿಂದ ಬಂದ ಲಕ್ಷ್ಮಿ, ಇವು ಎರಡು ಬೇರೆ ಹಾಳೆಗಳು.

ಹುದ್ದೆಯಿಂದ ಶುರು ಮಾಡುವ ದಾರಿಯಲ್ಲಿ ಒಂದು ಎಚ್ಚರಿಕೆ ಬೇಕು. ಬಿಗಿ ಷರತ್ತು ಇರುವ ಹುದ್ದೆಯನ್ನೇ ಮೊದಲು ತುಂಬಿ. ಕಾರ್ಯದರ್ಶಿಯನ್ನು ಮೊದಲು ಆರಿಸಿದರೆ 11 ದಾರಿ ಅಂತ ಸುಲಭವಾಗಿ ಬರೆಯುತ್ತೀರಿ. ಆಮೇಲೆ ಅಧ್ಯಕ್ಷೆಗೆ 5 ದಾರಿಯೋ, 4 ದಾರಿಯೋ? ಕಾರ್ಯದರ್ಶಿ ಹೆಂಗಸಾಗಿದ್ದರೆ 4, ಗಂಡಸಾಗಿದ್ದರೆ 5. ಅಲ್ಲಿ ಲೆಕ್ಕ ಸಿಕ್ಕಾಗುತ್ತದೆ.

ಷರತ್ತಿನ ಲೆಕ್ಕಗಳಲ್ಲಿ P ಮತ್ತು C ಬೆರೆಯಲು ಇನ್ನೊಂದು ಕಾರಣ ಭಾಷೆಯದು. "ಜೊತೆಯಲ್ಲಿ" ಅನ್ನುವ ಪದ ನೋಡಿ. "ಗಂಡ ಹೆಂಡತಿ ಇಬ್ಬರೂ ಜೊತೆಯಲ್ಲಿ ಇರಬಾರದು" ಅಂತ ಸಮಿತಿ ಲೆಕ್ಕದಲ್ಲಿ ಬಂದರೆ ಇಬ್ಬರೂ ಒಂದೇ ಸಮಿತಿಯಲ್ಲಿ ಇರಬಾರದು ಅಂತ ಅರ್ಥ. ಫೋಟೋಗೆ ಸಾಲಾಗಿ ನಿಲ್ಲುವ ಲೆಕ್ಕದಲ್ಲಿ ಅದೇ ಮಾತು ಬಂದರೆ ಅಕ್ಕಪಕ್ಕ ನಿಲ್ಲಬಾರದು ಅಂತ ಅರ್ಥ. ಮೊದಲನೆಯದು ವಿಕಲ್ಪ, ಎರಡನೆಯದು ಕ್ರಮಯೋಜನೆ. ಪದ ಒಂದೇ ಅಂತ ಎರಡನೆಯ ಲೆಕ್ಕದ ವಿಧಾನವನ್ನು, ಅಂದರೆ ಇಬ್ಬರನ್ನು ಕಟ್ಟಿ ಒಂದು ಗಂಟು ಮಾಡಿ 2ರಿಂದ ಗುಣಿಸುವುದನ್ನು, ಸಮಿತಿಗೆ ತಂದು ಹಾಕುತ್ತಾರೆ. ಸಮಿತಿಯಲ್ಲಿ ಅಕ್ಕಪಕ್ಕ ಅನ್ನುವುದೇ ಇಲ್ಲ, ಹಾಗಾಗಿ ಗುಣಿಸಲು 2 ಅನ್ನುವುದೂ ಇಲ್ಲ.

ನಿಮ್ಮ ಲೆಕ್ಕಕ್ಕೇ ಈ ಷರತ್ತು ಸೇರಿಸಿ ನೋಡೋಣ. 11 ಜನರಲ್ಲಿ ಒಂದು ದಂಪತಿ ಇದ್ದಾರೆ. ಕನಿಷ್ಠ 2 ಹೆಂಗಸರು ಬೇಕು, ಆದರೆ ದಂಪತಿ ಇಬ್ಬರೂ ಒಟ್ಟಿಗೆ ಬರಬಾರದು. 381ರಿಂದ ದಂಪತಿ ಇಬ್ಬರೂ ಇರುವ ಸಮಿತಿಗಳನ್ನು ಕಳೆಯಬೇಕು. ದಂಪತಿಯನ್ನು ಕೂರಿಸಿ ಉಳಿದ 9ರಲ್ಲಿ ಮೂವರು, 84. ಕಳೆದರೆ 297. ಇದು ತಪ್ಪು! ಆ 84ರಲ್ಲಿ ಉಳಿದ ಮೂವರೂ ಗಂಡಸರೇ ಇರುವ 10 ಸಮಿತಿಗಳಿವೆ. ಅವುಗಳಲ್ಲಿ ಇರುವುದು ಹೆಂಡತಿ ಒಬ್ಬಳೇ ಹೆಂಗಸು. ಅವು 381ರ ಒಳಗೆ ಬಂದೇ ಇಲ್ಲ, ಮೊದಲೇ ಹೊರಗೆ ಹೋಗಿವೆ. ಇಲ್ಲದ್ದನ್ನು ಮತ್ತೆ ಕಳೆಯುವಂತಿಲ್ಲ. ಹಾಗಾಗಿ ಕಳೆಯಬೇಕಾದದ್ದು 74, ಉತ್ತರ 307.

ಅನುಮಾನ ಇದ್ದರೆ ಬಗೆ ಮಾಡಿ ನೋಡಿ. ಇಬ್ಬರೂ ಬಾರದವು 105, ಗಂಡ ಮಾತ್ರ ಬಂದವು 81, ಹೆಂಡತಿ ಮಾತ್ರ ಬಂದವು 121. ಒಟ್ಟು 307. ಈ ಮೂರು ಸಂಖ್ಯೆ ಹೇಗೆ ಬಂದವು ಅಂತ ನೀವೇ ಬಿಡಿಸಿ. ಮೂರರಲ್ಲೂ ಉಳಿದಿರುವವರು 4 ಹೆಂಗಸರು, 5 ಗಂಡಸರೇ. ಇನ್ನೂ ಎಷ್ಟು ಜನ ಬೇಕು, ಅದರಲ್ಲಿ ಹೆಂಗಸರು ಕನಿಷ್ಠ ಎಷ್ಟು ಬೇಕು ಅನ್ನುವುದು ಮಾತ್ರ ಬದಲಾಗುತ್ತದೆ. ಹೆಂಡತಿ ಬಂದಿದ್ದರೆ ಇನ್ನೊಬ್ಬ ಹೆಂಗಸು ಸಾಕು. ಗಂಡ ಬಂದಿದ್ದರೆ ಇಬ್ಬರು ಬೇಕು. ಗೆಳತಿಯನ್ನೂ ಕೂರಿಸಿಕೊಂಡು ಮಾಡಿ, ಒಬ್ಬರು ಕಳೆಯುವ ದಾರಿಯಲ್ಲಿ, ಇನ್ನೊಬ್ಬರು ಬಗೆ ಮಾಡುವ ದಾರಿಯಲ್ಲಿ.